ಬುತ್ತಿಯಲ್ಲ, ಬೀಗದ ಕೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾಚಿಕೆ ಮಾತ್ರ ನಿಧಾನ. ಈಗ ಹೇಳಹೊರಟ ಸಂಗತಿಯಲ್ಲಿ ನಾಚಿಕೆ ಬರುವುದಕ್ಕೆ ಒಂದು ಊಟದ ಹೊತ್ತು ಹಿಡಿಯಿತು, ಅದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನಾಲ್ಕು ವರ್ಷ.

ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮ್ ಭಾಷೆ ಕಲಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಕಾಲೇಜಿನಲ್ಲಿ ಗಣಿತದ ಪಾಠ ಮಾಡುತ್ತಿದ್ದೆ. ಅಗ್ರಹಾರದ ಮನೆಯಿಂದ ಸ್ಕೂಟರಿನಲ್ಲಿ ಬರುವಾಗ ಅವತ್ತಿನ ಪಾಠವನ್ನು ಬಾಯಲ್ಲೇ ಹೇಳಿಕೊಂಡು ಬರುತ್ತೇನೆ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ತಿರುಗಿ ನೋಡುತ್ತಾರೆ, ನೋಡಲಿ. ಒಳ್ಳೆಯ ಟೀಚರ್ ಎಂಬ ಹೆಸರು ನನಗಿತ್ತು, ಆ ಹೆಸರಿನ ಮೇಲೆ ನನಗೆ ಆಸೆಯೂ ಇತ್ತು.

ಅದರಲ್ಲೂ ಕ್ಲೋಷರ್ ಪಾಠ ಎಂದರೆ ನನ್ನ ಮೆಚ್ಚಿನದು. ಒಂದು ಫಂಕ್ಷನ್ನಿನ, ಎಂದರೆ ಕರೆದಾಗ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕಿನ, ಒಳಗೆ ಇನ್ನೊಂದು ಫಂಕ್ಷನ್ ಬರೆಯುತ್ತೇವೆ. ಹೊರಗಿನದು ತನ್ನ ಕೆಲಸ ಮುಗಿಸಿ, ಒಳಗಿನದನ್ನು ನಮ್ಮ ಕೈಗೆ ಕೊಟ್ಟು ಹೊರಟುಹೋಗುತ್ತದೆ. ಅದರ ಜೊತೆಗೆ ಅದರ ವೇರಿಯಬಲ್ಲುಗಳೂ, ಎಂದರೆ ಬೆಲೆ ಇಟ್ಟುಕೊಳ್ಳುವ ಹೆಸರುಗಳೂ, ಅಳಿಸಿಹೋಗಬೇಕಿತ್ತು. ಹೋಗುವುದಿಲ್ಲ. ಒಳಗಿನ ಫಂಕ್ಷನ್ನನ್ನು ಎಷ್ಟು ಹೊತ್ತಿನ ಮೇಲೆ ಕರೆದರೂ ಹೊರಗಿನ ವೇರಿಯಬಲ್ ಅದಕ್ಕೆ ನೆನಪಿರುತ್ತದೆ. ಈ ನೆನಪಿಟ್ಟುಕೊಳ್ಳುವಿಕೆಗೇ ಕ್ಲೋಷರ್ ಎಂದು ಹೆಸರು.

ಇದನ್ನು ನಾನು ಬುತ್ತಿಯ ಲೆಕ್ಕದಲ್ಲಿ ಹೇಳುತ್ತಿದ್ದೆ. ಮಗಳು ಮನೆ ಬಿಟ್ಟು ಹೊರಡುವಾಗ ಬುತ್ತಿ ಕಟ್ಟಿಕೊಂಡು ಹೊರಡುತ್ತಾಳೆ, ದಾರಿಯಲ್ಲಿ ಅದನ್ನು ಬಿಚ್ಚಿ ಉಣ್ಣುತ್ತಾಳೆ. ಹಾಗೆಯೇ ಒಳಗಿನ ಫಂಕ್ಷನ್ ಹುಟ್ಟುವಾಗ ಹೊರಗಿನ ಬೆಲೆಗಳನ್ನು ಕಟ್ಟಿಕೊಂಡುಬಿಡುತ್ತದೆ ಎನ್ನುತ್ತಿದ್ದೆ. ಕರೆದಾಗಲೆಲ್ಲ ಒಂದು, ಎರಡು, ಮೂರು ಎಂದು ಎಣಿಸುವ ಕೌಂಟರ್ ಉದಾಹರಣೆಗೆ ಬುತ್ತಿ ಚೆನ್ನಾಗಿ ಒಗ್ಗುತ್ತಿತ್ತು. ಎರಡು ಕೌಂಟರ್ ಮಾಡಿದರೆ ಎರಡೂ ಬೇರೆ ಬೇರೆ ಎಣಿಸುತ್ತವೆ, ಅದಕ್ಕೂ ಒಗ್ಗುತ್ತಿತ್ತು. ಒಗ್ಗದ ಉದಾಹರಣೆಯನ್ನು ನಾನು ಹುಡುಕಿಯೇ ಇರಲಿಲ್ಲ.

ಆ ವರ್ಷದ ತಂಡದಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಮನೆಯವರು ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿದವರು; ತಾಯಿ ನಮ್ಮ ಕಂಪನಿಯಿಂದ ಎರಡು ಸ್ಟಾಪಿನಾಚೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಿನ ಶಿಫ್ಟ್ ಇದ್ದ ವಾರ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಹಾಗಾಗಿ ಅವಳು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದಳು. ತರಬೇತಿಯಲ್ಲಿ ಎರಡು ಪರೀಕ್ಷೆ ಹೋದರೆ ಮನೆಗೆ ಕಳಿಸುವುದು ಕಂಪನಿಯ ನಿಯಮ. ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಅವಳು ಆಗಲೇ ಒಂದು ಕಳೆದುಕೊಂಡಿದ್ದಳು. ನನ್ನದು ಹೋದರೆ ಮುಗಿಯಿತು.

ನನ್ನ ಪರೀಕ್ಷೆ ಕಾಗದದ ಮೇಲೆ. ಅದರಲ್ಲೊಂದು ಪ್ರಶ್ನೆ ಹೀಗಿತ್ತು: ಹೊರಗಿನ ಫಂಕ್ಷನ್ನಿನಲ್ಲಿ ಒಂದು ವೇರಿಯಬಲ್, ಅದರ ಬೆಲೆ ಐದು. ಅದನ್ನು ತೋರಿಸುವ ಒಳಗಿನ ಫಂಕ್ಷನ್ ಬರೆದಾದ ಮೇಲೆ, ಮುಂದಿನ ಸಾಲಿನಲ್ಲಿ ಆ ವೇರಿಯಬಲ್ಲಿಗೆ ಎಂಟು ಹಾಕಿದೆ. ಆಮೇಲೆ ಒಳಗಿನ ಫಂಕ್ಷನ್ನನ್ನು ಹೊರಗೆ ಕಳಿಸಿ, ಕರೆದರೆ ಏನು ಬರುತ್ತದೆ? ಬುತ್ತಿ ಕಟ್ಟಿದ್ದು ಐದಿದ್ದಾಗ, ಆದ್ದರಿಂದ ಐದು ಎಂದು ಸರಿಯುತ್ತರದ ಹಾಳೆಯಲ್ಲಿ ಬರೆದುಕೊಂಡೆ. ಕಂಪ್ಯೂಟರಿನಲ್ಲಿ ಓಡಿಸಿ ನೋಡಲಿಲ್ಲ. ಇಷ್ಟು ವರ್ಷ ಕಲಿಸಿದವಳಿಗೆ ಓಡಿಸಿ ನೋಡುವುದೇನು ಎಂಬ ಕೊಬ್ಬು.

ನನ್ನ ಪಾಠ ಕೇಳಿದವರೆಲ್ಲ ಐದು ಎಂದು ಬರೆದಿದ್ದರು. ಅವಳೊಬ್ಬಳೇ ಎಂಟು ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ತಪ್ಪು ಹಾಕಿದೆ. ಕೂಡಿದಾಗ ಪಾಸಾಗಲು ಅವಳಿಗೆ ಒಂದು ಅಂಕ ಕಡಿಮೆ ಬಿತ್ತು.

ಉತ್ತರ ಪತ್ರಿಕೆ ಹಂಚಿದ ಬೆಳಿಗ್ಗೆ ಅವಳು ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ಇದು ಎಂಟೇ ಬರೋದು. ನಾನ್ ಓಡ್ಸಿ ನೋಡ್ಬುಟ್ಟೇ ಬಂದಿವ್ನಿ."

"ಏನೋ ತಪ್ಪು ಟೈಪ್ ಮಾಡಿರ್ತೀಯ. ಬುತ್ತಿ ಪಾಠ ಮರೆತುಹೋಯ್ತಾ?"

"ಮರ್ತಿಲ್ಲ ಮೇಡಂ. ಆದ್ರೆ ಅದು ಬುತ್ತಿ ಅಲ್ಲ ಅನ್ಸತ್ತೆ. ಕಟ್ಕೊಂಡ್ ಹೋಗೋದು ಬುತ್ತಿ ಅಲ್ಲ, ಮನೆ ಬೀಗದ ಕೈ. ಕರ್ದಾಗ ಬಂದು ಬೀಗ ತೆಗ್ದು ಒಳಗ್ ನೋಡ್ತದೆ. ಆಗ ಒಳಗೆ ಏನೈತೋ ಅದೇ ಸಿಗೋದು. ನಾವು ಐದು ತೆಗ್ದು ಎಂಟು ಇಟ್ಬುಟ್ಟಿದ್ರೆ, ಅದೆಂಗೆ ಐದ್ ಸಿಗ್ತದೆ?"

ತರಗತಿ ಪೂರ್ತಿ ಕಿವಿ ನೆಟ್ಟಗೆ ಮಾಡಿಕೊಂಡಿತ್ತು. ಎಲ್ಲೋ ಒಂದು ಕಡೆ ನನಗೆ ಅಳುಕಾಯಿತು. ಅವಳು ಹೇಳಿದ್ದರಲ್ಲಿ ನನಗೆ ಎದುರು ಹೇಳಲಾಗದ ಏನೋ ಇದೆ ಎಂದು ಗೊತ್ತಾಯಿತು. ಅಳುಕಿದವಳು ಸುಮ್ಮನಿರಬೇಕಿತ್ತು. ಸಿಟ್ಟು ಬಂತು.

"ಎಂಗೆ ಅಲ್ಲ ಕಣಮ್ಮ, ಹೇಗೆ. ಮೊದಲು ಬಾಯಿಗೆ ಹಕಾರ ಬರಲಿ, ಕ್ಲೋಷರ್ ಆಮೇಲೆ ಬರುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. "ಪರದೆ ಮೇಲೆ ಒಂದ್ಸಲ ಓಡ್ಸಿ ತೋರಿಸ್ಲಾ ಮೇಡಂ?" ಎಂದು ಕೇಳಿದಳು. ಹೊತ್ತಿಲ್ಲ, ಹೋಗಿ ಕೂತ್ಕೋ ಎಂದೆ. ಹೊತ್ತು ಬೇಕಾದಷ್ಟಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಬಾಗಿಲು ಮುಂದಕ್ಕೆ ಎಳೆದು ಕಂಪ್ಯೂಟರ್ ತೆರೆದೆ. ಮೊಸರನ್ನದ ಡಬ್ಬಿ ಪಕ್ಕದಲ್ಲೇ ಇತ್ತು. ಆ ಏಳೆಂಟು ಸಾಲು ಬರೆದು ಓಡಿಸಿದೆ. ಎಂಟು. ವೇರಿಯಬಲ್ಲಿನ ಹೆಸರು ಬದಲಿಸಿ ಓಡಿಸಿದೆ. ಎಂಟು. ಆಮೇಲೆ ಒಂದೇ ಹೊರ ಫಂಕ್ಷನ್ನಿನೊಳಗೆ ಎರಡು ಒಳ ಫಂಕ್ಷನ್ ಬರೆದೆ: ಒಂದು ಬೆಲೆಯನ್ನು ಹೆಚ್ಚಿಸುವುದು, ಇನ್ನೊಂದು ತೋರಿಸುವುದು ಮಾತ್ರ. ಇಬ್ಬರೂ ಬೇರೆ ಬೇರೆ ಬುತ್ತಿ ಕಟ್ಟಿಕೊಂಡಿದ್ದರೆ ಮೊದಲನೆಯದು ಏನೇ ಮಾಡಿದರೂ ಎರಡನೆಯದಕ್ಕೆ ತಿಳಿಯಬಾರದು. ಮೊದಲನೆಯದನ್ನು ಮೂರು ಸಲ ಕರೆದು ಎರಡನೆಯದನ್ನು ಕರೆದೆ. ಮೂರು ಹೆಚ್ಚಾಗಿಯೇ ತೋರಿಸಿತು. ಇಬ್ಬರ ಕೈಯಲ್ಲೂ ಒಂದೇ ಮನೆಯ ಬೀಗದ ಕೈ. ಹೊರಗಿನ ಫಂಕ್ಷನ್ನನ್ನು ಮತ್ತೊಮ್ಮೆ ಕರೆದರೆ ಮತ್ತೊಂದು ಹೊಸ ಮನೆ, ಅದಕ್ಕೇ ಎರಡು ಕೌಂಟರ್ ಬೇರೆ ಬೇರೆ ಎಣಿಸುವುದು. ನೆನಪಿರುವುದು ಬೆಲೆಯಲ್ಲ, ವೇರಿಯಬಲ್ಲೇ. ಎಲ್ಲ ಅವಳು ಹೇಳಿದ ಹಾಗೆಯೇ ಇತ್ತು.

ಬೆಳಿಗ್ಗೆ ನಕ್ಕ ನಗು ನೆನಪಾಗಿ ಕಿವಿಯ ತನಕ ಬಿಸಿಯಾಯಿತು. ಡಬ್ಬಿಯನ್ನು ತೆರೆಯದೆಯೇ ಬ್ಯಾಗಿಗೆ ಹಾಕಿದೆ.

ನಾಲ್ಕು ಗಂಟೆಗೆ ಪಾಸು-ಫೇಲಿನ ಪಟ್ಟಿ ಆಫೀಸಿಗೆ ಹೋಗಬೇಕಿತ್ತು. ಮಾಡಬೇಕಾದ್ದು ಬಹಳ ಸುಲಭ: ತರಗತಿಗೆ ಹೋಗಿ, ತಪ್ಪು ನನ್ನದು, ಸರಿ ಇವಳದು ಎನ್ನುವುದು. ಹಾಗೆಂದರೆ ಐದು ಎಂದು ಬರೆದವರ ಅಂಕ ಕಡಿಮೆಯಾಗಿ ಇಬ್ಬರು ಮೂವರು ಫೇಲಾಗುತ್ತಾರಲ್ಲ ಎಂದು ಮನಸ್ಸು ನೆವ ಹೇಳಿತು. ನಾನು ಕಲಿಸಿದ್ದನ್ನೇ ಬರೆದವರ ಅಂಕ ಕಳೆಯದೆ ಇವಳಿಗೂ ಅಂಕ ಕೊಡಬಹುದಿತ್ತು, ಅದೂ ಹೊಳೆದಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಮೀಸೆಯೇ ಇಲ್ಲದ ನಾನು ಅದನ್ನು ಕಾಪಾಡಲು ಹೊರಟೆ. ಅವಳ ಹಾಳೆ ತರಿಸಿಕೊಂಡು, ಬೇರೆ ಯಾವುದೋ ಉತ್ತರಕ್ಕೆ ಒಂದು ಅಂಕ ಜಾಸ್ತಿ ಹಾಕಿದೆ. ಎಂಟರ ಪಕ್ಕದ ಕೆಂಪು ಗುರುತು ಹಾಗೆಯೇ ಇರಲಿ ಎಂದು ಬಿಟ್ಟೆ.

ಹಾಳೆ ವಾಪಸು ಕೊಡುವಾಗ, "ಕೂಡುವಾಗ ತಪ್ಪಾಗಿತ್ತು, ಪಾಸಾಗಿದ್ದೀಯ" ಎಂದೆ. ಅವಳು ಮೊದಲು ಆ ಕೆಂಪು ಗುರುತನ್ನು ನೋಡಿದಳು, ಆಮೇಲೆ ನನ್ನ ಮುಖ. "ಥ್ಯಾಂಕ್ಸ್ ಮೇಡಂ" ಎಂದಳು. ಆ ಥ್ಯಾಂಕ್ಸನ್ನು ನಾನು ಇಟ್ಟುಕೊಂಡೆ.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮುಂದಿನ ತಂಡಕ್ಕೆ ಪಾಠ ಮಾಡುವಾಗ, "ಎಲ್ಲರೂ ಇದನ್ನ ಬುತ್ತಿ ಅಂತ ತಿಳ್ಕೋತಾರೆ. ಬುತ್ತಿಯಲ್ಲ, ಬೀಗದ ಕೈ" ಎಂದೆ. ಎಲ್ಲರೂ ಅಂತೆ! ಹಾಗೆ ತಿಳಿದುಕೊಂಡಿದ್ದವಳು ನಾನೊಬ್ಬಳೇ, ನನ್ನಿಂದ ಕಲಿತವರು ಅಷ್ಟೇ. ಮಕ್ಕಳ ಮುಖ ಅರಳಿತು. ಅವತ್ತಿನಿಂದ ಪ್ರತಿ ತಂಡಕ್ಕೂ ಬೀಗದ ಕೈಯೇ. ನನ್ನ ಹೆಸರು ಇನ್ನಷ್ಟು ಬೆಳೆಯಿತು. ಯಾರಾದರೂ ಹೊಗಳಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಬಾಗಿಲ ಕಡೆ ನೋಡುತ್ತಿದ್ದೆ.

ನಾಲ್ಕನೇ ವರ್ಷ ಒಂದು ದಿನ ಬಾಗಿಲಲ್ಲಿ ಅವಳೇ ನಿಂತಿದ್ದಳು. ಈಗ ಒಂದು ಪ್ರಾಜೆಕ್ಟಿನ ಮುಖ್ಯಸ್ಥೆ; ತನ್ನ ತಂಡಕ್ಕೆ ಹೊಸಬರನ್ನು ಆರಿಸಲು ಬಂದಿದ್ದಳು. ಬೋರ್ಡಿನ ಮೇಲೆ ನಾನು ಬರೆದ ಬೀಗದ ಕೈ ಚಿತ್ರ. ಮುಂದೆ ಕೂತಿದ್ದ ಹುಡುಗಿಯೊಬ್ಬಳು ಅವಳಿಗೆ, "ಮೇಡಂ ಎಷ್ಟು ಚೆನ್ನಾಗಿ ಹೇಳ್ತಾರೆ ಅಲ್ವಾ?" ಎಂದಳು.

"ಹೂಂ. ನಮಗೂ ಅವ್ರೇ ಹೇಳ್ಕೊಟ್ಟಿದ್ದು" ಎಂದಳು ಅವಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

ಬಳಪ ಕೆಳಗಿಟ್ಟೆ. "ಇಲ್ಲ. ನಾನು ಹೇಳ್ಕೊಟ್ಟಿದ್ದು ಬುತ್ತಿ, ಅದು ತಪ್ಪು. ಬೀಗದ ಕೈ ಇವರದ್ದು. ಅವತ್ತು ಇವರ ಸರಿಯುತ್ತರಕ್ಕೆ ತಪ್ಪು ಹಾಕಿ, ಇವರ ಮಾತಿಗೆ ನಕ್ಕಿದ್ದೆ" ಎಂದೆ. ಅವಳು ನೆಲ ನೋಡುತ್ತಿದ್ದಳು.

ಹೊರಗೆ ಕಾರಿಡಾರಿನಲ್ಲಿ ಕ್ಷಮೆ ಕೇಳಿದೆ. "ಅದು ಕೂಡೋದ್ರಲ್ಲಿ ಆದ ತಪ್ಪಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಮೇಡಂ, ಬುಡಿ" ಎಂದಳು. ಆಮೇಲೆ, "ನಮ್ಮಮ್ಮಂಗೆ ಮಾತ್ರ ಗೊತ್ತಿಲ್ಲ. ಆ ಕೆಂಪು ಗುರ್ತು ನೋಡಿದ್ಲು. ಯಾರಾದ್ರೂ ನನ್ನ ಹೊಗಳುದ್ರೆ, ಮೇಡಮ್ಮೋರು ಕೂಡೋದ್ರಲ್ಲಿ ತಪ್ಪಿದ್ರು, ಅದ್ಕೇ ನಮ್ ಹುಡ್ಗಿ ಉಳ್ಕಂಡ್ಲು ಅಂತಾಳೆ. ನಾನ್ ಏಳುದ್ರೆ ನಂಬಾಕಿಲ್ಲ" ಎಂದಳು.

ಅದೇ ಸಂಜೆ, ತಾಯಿಯ ಶಿಫ್ಟ್ ಬಿಡುವ ಹೊತ್ತಿಗೆ ಅವಳ ಜೊತೆ ಕಾರ್ಖಾನೆಯ ಬಸ್ ಸ್ಟಾಪಿಗೆ ಹೋದೆ. ತಾಯಿ ಊಟದ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ನಾನು ಯಾರೆಂದು ತಿಳಿದ ಕೂಡಲೇ ಕೈ ಮುಗಿದರು. ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ನಿಮ್ಮ ಮಗಳು ನನ್ನ ಲೆಕ್ಕದ ತಪ್ಪಿನಿಂದ ಪಾಸಾದವಳಲ್ಲ, ಅವಳು ಬರೆದದ್ದೇ ಸರಿ, ಕಲಿಸುವ ನನಗೇ ತಿಳಿದಿರಲಿಲ್ಲ ಎಂದೆ.

ಅವರು ಮಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ. ಜಾವಾಸ್ಕ್ರಿಪ್ಟ್ ಎಂದರೇನೆಂದು ಅವರಿಗೆ ತಿಳಿಯದು.

"ಅಂಗಾರೆ ಅವತ್ತೇ ಯಾಕ್ ಯೋಳ್ನಿಲ್ಲ ಮೇಡಮ್ಮೋರೇ?"

ಬಸ್ಸು ಬಂತು. ಅವರು ಉತ್ತರಕ್ಕೆ ಕಾದು ಆ ಬಸ್ಸನ್ನು ಬಿಟ್ಟರು.