ಮಾವನ ಮಂಡಿ, ಹನ್ನೆರಡು ವಾರ

ಫೋಟೊ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಜನರ ಮುಖದ ಮೊಡವೆ ಅಳಿಸಿ, ಗಲ್ಲ ಕಿರಿದು ಮಾಡಿ ಅವಳಿಗೆ ಟಚಪ್ ಅಕ್ಕ ಅಂತಲೇ ಹೆಸರು ಬಿದ್ದಿತ್ತು. ಈಗ ಆ ಕೆಲಸವನ್ನು ಜನರ ಫೋನೇ ಮಾಡುತ್ತದೆ. ಮೂರು ತಿಂಗಳಲ್ಲಿ ಅಂಗಡಿ ಮುಚ್ಚುತ್ತೇನೆ ಅಂತ ಮಾಲೀಕ ಹೇಳಿದ ದಿನವೇ ಅವಳು ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಹನ್ನೆರಡು ಚೌಕ ಎಳೆದು ಗೋಡೆಗೆ ಅಂಟಿಸಿದಳು. ವಾರಕ್ಕೊಂದು ಚೌಕ, ದಿನಾ ಬೆಳಿಗ್ಗೆ ಒಂದು ಗಂಟೆ ಕಾರ್ಟೂನ್ ಬಿಡಿಸಿ ಓಡಿಸುವ ಅಭ್ಯಾಸ. ಮೊದಲ ವಾರ ಪುಟಿಯುವ ಚೆಂಡು, ಎರಡನೆಯದು ಅದು ನೆಲಕ್ಕೆ ಬಡಿದು ಅಪ್ಪಚ್ಚಿಯಾಗಿ ಮತ್ತೆ ಹಿಗ್ಗುವುದು, ಮೂರನೆಯದು ಗಡಿಯಾರದ ಲೋಲಕ, ಐದನೆಯದು ಆಂಟಿಸಿಪೇಶನ್, ಅಂದರೆ ನೆಗೆಯುವ ಮುಂಚೆ ಕುಗ್ಗುವುದು. ಹನ್ನೆರಡು ಮುಗಿಯುವಷ್ಟರಲ್ಲಿ ಊರಿನ ಕಾರ್ಟೂನ್ ಸ್ಟುಡಿಯೊದ ಪರೀಕ್ಷೆ. ಪಾಸಾದರೆ ಕೆಲಸ, ಇಲ್ಲದಿದ್ದರೆ ಮನೆ.

ಇಷ್ಟು ಚೆನ್ನಾಗಿ ಚೌಕ ಎಳೆದವಳು ಮೊದಲ ಚೌಕದಲ್ಲೇ ಐದು ವಾರ ಕೂತಳಲ್ಲ, ಅದಕ್ಕೇನು ಹೇಳೋಣ! ಚೆಂಡಿನ ಗೆರೆ ಸ್ವಲ್ಪ ನಡುಗಿದರೂ ಸಾಕು, ಹಾಳೆ ಹರಿದು ಮತ್ತೆ ಮೊದಲಿಂದ. ಒಂದು ಸೆಕೆಂಡಿನ ಹನ್ನೆರಡು ಚೆಂಡೂ ಬೆಣ್ಣೆಯಂತೆ ನುಣುಪು. ಸ್ಕೇಲು ಇಟ್ಟು ಸಮ ಅಂತರ ಅಳೆದು ಬಿಡಿಸಿದ್ದು ಬೇರೆ. ಒಂದರ ಹಿಂದೊಂದು ಓಡಿಸಿದರೆ ಮಾತ್ರ ಚೆಂಡಿಗೆ ಜೀವವೇ ಇಲ್ಲ.

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಮಾವ ಕನ್ನಡಕ ಏರಿಸಿ ನೋಡಿದರು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಮಾತಿಗೆ ಬ್ರೇಕಿಲ್ಲ.

"ಇದು ಬೀಳ್ತಿಲ್ಲ ಕಣಮ್ಮ, ಲಿಫ್ಟಲ್ಲಿ ಇಳೀತಿದೆ."

"ಸುಮ್ನಿರಿ ಮಾವ, ಮೊದಲೇ ತಲೆ ಕೆಟ್ಟಿದೆ!"

"ಕೆಟ್ಟಿದ್ರೆ ಕೇಳು. ಇಳಿಜಾರಲ್ಲಿ ಬ್ರೇಕ್ ಬಿಟ್ರೆ ಬಸ್ಸು ಒಂದೇ ಸಮ ಹೋಗತ್ತಾ? ಮೊದ್ಲು ತೆವಳತ್ತೆ, ಆಮೇಲೆ ಓಡತ್ತೆ."

ಅವಳಿಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಮಾತು ಸರಿಯಾಗಿತ್ತು. ಸ್ಕೇಲು ಬಿಸಾಕಿದಳು. ಮೇಲೆ ಚೆಂಡುಗಳನ್ನು ಒತ್ತೊತ್ತಾಗಿ, ಕೆಳಗೆ ಬರುತ್ತ ದೂರ ದೂರ ಒರಟೊರಟಾಗಿ ಗೀಚಿದಳು. ಚೆಂಡು ದಬಕ್ಕನೆ ಬಿತ್ತು. ಐದು ವಾರ ಹಾಳಾಯಿತಲ್ಲ ಅಂತ ಅಳುವೇ ಬಂತು. ಅವತ್ತಿನಿಂದ ಸರಿಯಾಗಲಿ ಬಿಡಲಿ, ವಾರ ಮುಗಿದರೆ ಮುಂದಿನ ಚೌಕ ಅಂತ ಪಟ್ಟು ಹಿಡಿದಳು.

ಆದರೂ ಪರೀಕ್ಷೆ ಬಂದಾಗ ಇನ್ನೂ ನಾಲ್ಕು ಚೌಕ ಖಾಲಿ. ಪ್ರಶ್ನೆ ಒಂದೇ ಸಾಲು: ವಯಸ್ಸಾದವರೊಬ್ಬರು ಕುರ್ಚಿಯಿಂದ ಏಳಬೇಕು, ನಾಲ್ಕು ಸೆಕೆಂಡು, ಒರಟು ಗೆರೆ ಸಾಕು, ಮೂರು ದಿನದಲ್ಲಿ ಕಳಿಸಬೇಕು. ಸೆಕೆಂಡಿಗೆ ಹನ್ನೆರಡರಂತೆ ನಲವತ್ತೆಂಟು ಚಿತ್ರ. ಅವಳು ತಿರುಗಿ ಮಾವನನ್ನು ನೋಡಿದಳು.

"ಮಾವ, ಒಂದ್ಸಲ ಏಳಿ."

ಒಂದು ಸಲ ಹನ್ನೊಂದು ಸಲವಾಯಿತು. "ನಾನೇನು ಗೊಂಬೆನಾ?" ಅಂತ ಬೈಯುತ್ತಲೇ ಎದ್ದರು, ಕೂತರು. ಪಾದ ಕುರ್ಚಿಯ ಕೆಳಗೆ ಸರಿಯುತ್ತಿತ್ತು, ಮೈ ಮುಂದಕ್ಕೆ ಬಾಗುತ್ತಿತ್ತು, ಅಂಗೈ ಮಂಡಿ ಒತ್ತುತ್ತಿತ್ತು. ಸೊಂಟ ಮೊದಲು ಎದ್ದು ಅರ್ಧದಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ಬೆನ್ನು, ಕೊನೆಗೆ ತಲೆ.

ಮೂರನೇ ದಿನ ಓಡಿಸಿ ತೋರಿಸಿದಳು. ಮಾವ ಇನ್ನೊಂದು ಸಲ ಓಡಿಸು ಅಂದರು.

"ನಾನು ಹಿಂಗಾ ಏಳೋದು?"

"ಹೂಂ, ಮಾವ."

"ನಡುವೆ ಆ ನಿಲ್ಲೋದನ್ನ ತೆಗಿ. ಊರೋರ ಮುಖದ ಸುಕ್ಕೆಲ್ಲ ತೆಗೀತಿದ್ದೆ, ನಂದೊಂದು ತೆಗಿಯೋಕಾಗಲ್ವಾ?"

 ಅವಳು ಆ ನಿಲ್ಲುವ ಎಂಟು ಚಿತ್ರ ತೆಗೆದಳು. ಪರದೆಯ ಮೇಲಿನ ಮುದುಕ ಯಾರೋ ಹಗ್ಗ ಕಟ್ಟಿ ಎತ್ತಿದಂತೆ ಎದ್ದ. ಮೈಯಲ್ಲಿ ತೂಕವೇ ಇರಲಿಲ್ಲ. ಹದಿನಾಲ್ಕು ವರ್ಷ ಪಳಗಿದ ಕೈ, ಅಳಿಸಬೇಕು ಅಂತಲೇ ತುರಿಸುತ್ತಿತ್ತು. ಆದರೂ ಥತ್ ಅಂತ ಎಂಟನ್ನೂ ವಾಪಸು ಸೇರಿಸಿ ಕಳಿಸಿಬಿಟ್ಟಳು. ಮಾವ ಎರಡು ದಿನ ಮುಖ ತಿರುಗಿಸಿಕೊಂಡೇ ಊಟ ಮಾಡಿದರು.

ಮೂರನೇ ದಿನ ಸ್ಟುಡಿಯೊದ ಮೇಡಂ ಫೋನ್ ಮಾಡಿದರು. ಮಾವನಿಗೂ ಕೇಳಲಿ ಅಂತ ಅವಳು ಸ್ಪೀಕರ್ ಹಾಕಿದಳು.

"ಗೆರೆ ಒರಟು, ಪರವಾಗಿಲ್ಲ. ಅರ್ಧ ಎದ್ದು ನಿಂತ್ಕೋತಾರಲ್ಲ, ಅದನ್ನ ಎಲ್ಲಿ ಕಲಿತ್ರಿ?"

"ನಮ್ಮ ಮಾವನದು."

"ಸೋಮವಾರದಿಂದ ಬನ್ನಿ. ಅವರಿಗೆ ನನ್ನ ನಮಸ್ಕಾರ ಹೇಳಿ."

ಫೋನಿಟ್ಟು ತಿರುಗಿದರೆ ಮಾವ ಆಗಲೇ ಪಾದ ಹಿಂದಕ್ಕೆಳೆದು, ಅಂಗೈ ಮಂಡಿಗೆ ಒತ್ತಿ ಏಳುತ್ತಿದ್ದರು. ಅರ್ಧದಲ್ಲಿ ನಿಂತರು. ಈ ಸಲ ಬೇಕಂತಲೇ ಇನ್ನೊಂದು ಗಳಿಗೆ ಜಾಸ್ತಿ ನಿಂತು ಅವಳನ್ನು ನೋಡಿದರು.

"ಮಂಡಿ ನಂದು," ಅಂದರು, "ಸಂಬಳ ನಿಂದಾ?"