ಮೂರು ಬಣ್ಣದ ಹೃದಯಗಳನ್ನು ಕಾಗದಕ್ಕೆ ಇಳಿಸಿದ್ದು

ನಂಬದೆ ಇರಿ ನೋಡೋಣ, ಪಂಥ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಟೋಪಿ ಹಾಕಿದ ನಾನು, ಒಂದು ಹೃದಯದ ಚಿತ್ರದ ಮುಂದೆ ಸೋತುಹೋದೆ. ಸುಳ್ಳು ಅನ್ನಿಸಿದರೆ ಇಲ್ಲೇ ನಿಲ್ಲಿಸಿ. ನಿಲ್ಲಿಸುವುದಿಲ್ಲ, ನನಗೆ ಗೊತ್ತು.

ಅಚ್ಚುಮೊಳೆ ಜೋಡಿಸಿದ ಕೈ ಇದು. ಆಮೇಲೆ ಟೈಪ್‌ರೈಟರು, ಆಮೇಲೆ ಕಂಪ್ಯೂಟರು. ಫಾಂಟಿನ ವಿಷಯದಲ್ಲಿ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೇರಿಸಿ ಹುಡುಕಿದರೂ ನನ್ನಂಥವನು ಸಿಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹೇಳದಿದ್ದರೆ ಏನು ಮಾಡುವುದು?

ಒಂದು ಮಧ್ಯಾಹ್ನ ನನ್ನ ಗೆಳೆಯ ಬಂದ. ಲಾರಿ ಡ್ರೈವರು, ಚಿನಕುರಳಿ ಕಡೆಯ ಕ್ವಾರಿಯಿಂದ ಜಲ್ಲಿ ಹೊಡೆಯುವವನು. ಚಿಕ್ಕಂದಿನಲ್ಲಿ ಒಂದೇ ಬೀದಿಯಲ್ಲಿ ಗೋಲಿ ಆಡಿದವರು ನಾವು. ಅವನ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮೇಜಿನ ಮೇಲೆ ಫೋನಿಟ್ಟ. ಪರದೆ ಒಡೆದು, ಏನು ತೆಗೆದರೂ ಎಲ್ಲವೂ ನೇರಳೆ ಬಣ್ಣ.

“ಅವ್ಳು ಕಳ್ಸಿದ್ದೆಲ್ಲ ಪ್ರಿಂಟ್ ಬೇಕು ಕಣ್ಲಾ. ಮಗ್ಳು ನಾಗಮಂಗ್ಲುದಿಂದ ಬಂದಿದ್ದಾಗ ಇದ್ರಲ್ಲಿರೋ ಮಾತೆಲ್ಲ ನಿನ್ ಮೇಲ್‌ಗೆ ಕಳ್ಸವ್ಳೆ.”

“ನಿನ್ನೆಂಡ್ತಿಗೆ ಬರಿಯಕ್ಕೇ ಬತ್ತಿರ್ಲಿಲ್ವಲ್ಲೋ.”

“ಅದಕ್ಕೇ ಬೊಂಬೆ ಕಳ್ಸೋಳು.”

ಮೇಲ್ ಜೊತೆ ಬಂದ ಫೈಲನ್ನು ನನ್ನ ಹಳೆಯ ವರ್ಡಿನಲ್ಲಿ ತೆರೆದೆ. ಪುಟಗಟ್ಟಲೆ ತಾರೀಖು, ಹೊತ್ತು, ಮುಂದೆ ಒಂದೊಂದು ಹೃದಯ. ಬೇರೇನೂ ಇಲ್ಲ. ಎಲ್ಲ ಹೃದಯಗಳೂ ಕಪ್ಪು ಗೆರೆಯವಾಗಿ ಕಂಡವು. “ಏನೋ, ಅರವತ್ತಾದ್ಮೇಲೂ ದಿನಾ ಹೃದ್ಯ ಬತ್ತಿತ್ತಾ ನಿಂಗೆ?” ಎಂದು ರೇಗಿಸಿದೆ. ಅವನು ನಗಲಿಲ್ಲ. “ಬಣ್ದಾಗೆ ತೆಗೀಲಾ” ಎಂದಷ್ಟೇ ಹೇಳಿ ಲಾರಿ ಹತ್ತಿದ.

ಬಣ್ಣ ತಾನೇ? ಹೃದಯ ಅಂದರೆ ಕೆಂಪು. ಕಪ್ಪು ಗೆರೆಯ ಅಕ್ಷರಕ್ಕೆ ಯಾವ ಬಣ್ಣ ಕೊಟ್ಟರೂ ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಒಂದೇ ಏಟಿಗೆ ಕೆಂಪು ಬಳಿದು, ಪಿಡಿಎಫ್ ಮಾಡಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ನನ್ನಲ್ಲಿರುವುದು ಕಪ್ಪು ಬಿಳುಪಿನ ಪ್ರಿಂಟರು. ಬಣ್ಣದ್ದು ಅಲ್ಲಿ ಒಬ್ಬನ ಹತ್ತಿರ ಇದೆ. ಅಕ್ಕಸಾಲಿಗರ ಮನೆಯವನು, ಕುಲುಮೆ ಬಿಟ್ಟು ಪ್ರಿಂಟರು ಹಿಡಿದವನು. ಅವನ ಪರದೆಯಲ್ಲಿ ನನ್ನ ಫೈಲು ತೆರೆಯಿತು. ಹೃದಯ ಇದ್ದ ಕಡೆಯೆಲ್ಲ ಖಾಲಿ ಚೌಕ.

“ಏನಣ್ಣೋ, ಕಿಟಕಿ ಕಳ್ಸಿದ್ದೀಯ? ಮನೆ ಕಟ್ಟುಸ್ತಾ ಇದ್ದೀಯಾ?”

“ನಿನ್ ಮಿಷೀನು ಸರಿ ಇಲ್ಲ.”

“ನನ್ ಮಿಷೀನ್ ನೆಟ್ಗದೆ. ನಿನ್ ಫಾಂಟು ಫೈಲ್ ಜೊತೆ ಬಂದಿಲ್ಲ. ಬರೀ ಎಸ್ರು ಬಂದದೆ, ಆಳು ಬಂದಿಲ್ಲ. ಇದ್ರೊಳ್ಗೆ ಎಂಬೆಡ್ ಮಾಡ್ಲಿಲ್ವಾ?”

ನಾನು ಮರೆತಿದ್ದೆ. ಪಿಡಿಎಫ್ ಮಾಡುವಾಗ ಅಕ್ಷರದ ಆಕಾರವನ್ನು ಫೈಲಿನೊಳಗೇ ಹುದುಗಿಸಬೇಕು. ಇಲ್ಲವಾದರೆ ತೆರೆಯುವ ಕಂಪ್ಯೂಟರು ತನ್ನಲ್ಲಿರುವುದನ್ನು ಹುಡುಕುತ್ತದೆ, ಸಿಗದಿದ್ದರೆ ಚೌಕ ಇಡುತ್ತದೆ. ಇದನ್ನು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೋ! “ನಿನ್ನ ಪರೀಕ್ಷೆ ಮಾಡಕ್ಕೆ ಅಂಗೆ ತಂದೆ” ಎಂದು ಬಿಟ್ಟೆ. ಅವನು ನಂಬಿದಂತೆ ಕಾಣಲಿಲ್ಲ. ಮರುದಿನ ಫಾಂಟು ಹುದುಗಿಸಿಕೊಂಡು ಮತ್ತೆ ಹೋದೆ. ಕೆಂಪು ಹೃದಯಗಳು ಮುತ್ತಿನಂತೆ ಇಳಿದವು.

ಗೆಳೆಯ ಬಂದು ಮೊದಲ ಹಾಳೆ ನೋಡಿದ. ಎರಡನೆಯದು. ಮೂರನೆಯದು. ಮುಖ ಸುಣ್ಣವಾಯಿತು.

“ಯಾ ಅಲ್ಲಾ! ಏನ್ಲಾ ಮಾಡಿದ್ದೀಯ? ನನ್ನೆಂಡ್ತಿ ಜೀವ್ಮಾನವೆಲ್ಲ ನಿಲ್ಲು ನಿಲ್ಲು ಅಂತಿದ್ಲಾ?”

ಆಗ ಹೇಳಿದ. ಅವಳಿಗೆ ಓದು ಬರದಿದ್ದರೂ ಸಿಗ್ನಲ್ ದೀಪ ಗೊತ್ತಿತ್ತು. ಹೊಸದಾಗಿ ಮದುವೆಯಾದಾಗ ಮೈಸೂರಿನ ಸರ್ಕಲ್ಲಿನಲ್ಲಿ ಲಾರಿಯೊಳಗೆ ಕೂರಿಸಿಕೊಂಡು ಇವನೇ ಕಲಿಸಿದ್ದ. ಹಸಿರು ಹೃದಯ ಬಂದರೆ ಮನೆಯಲ್ಲಿ ಎಲ್ಲ ಸರಿಯಿದೆ, ನೀನು ನಡೆ. ಹಳದಿ ಬಂದರೆ ನಿಧಾನವಾಗಿ ಓಡಿಸು. ಕೆಂಪು ಬಂದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲಿಸಿ ಮನೆಗೆ ಬಾ. ಮಗಳಿಗೂ ಹೇಳಿರಲಿಲ್ಲ, ನಾಚಿಕೆ.

“ಕೊನೇ ದಿನ ಕೆ.ಆರ್.ಪ್ಯಾಟೇಲಿ ಜಲ್ಲಿ ಸುರೀತಿದ್ದೆ. ಫೋನ್ ಟಿಣ್ ಅಂತು. ನೋಡ್ಲಿಲ್ಲ. ಆಮ್ಯಾಕೆ ಪಕ್ಕದ್ಮನೆಯೋರು ಫೋನ್ ಮಾಡುದ್ರು, ಓಗ್ಬುಟ್ಲು ಅಂತ. ಆ ಗಾಬ್ರೀಲಿ ಕೆಳಿಕ್ಕೆ ಬಿದ್ದು ಒಡ್ದೋಯ್ತು. ಈಗ ಕೊನೇದು ಯಾವ್ ಬಣ್ಣ ಅಂತ ಗೊತ್ತಾಯ್ತಿಲ್ಲ. ಕೆಂಪಾಗಿದ್ರೆ… ಕರ್ದವ್ಳೆ, ನಾನ್ ಓಗಿಲ್ಲ.”

ನಾನು ಕೆಂಪು ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಕಂಪ್ಯೂಟರಿಗೆ ತಿರುಗಿದೆ.

ಬಣ್ಣ ಫೈಲಿನಿಂದ ಹೋಗಿರಲಿಲ್ಲ. ಅವಳು ಕಳಿಸಿದ ಒಂದೊಂದು ಬಣ್ಣದ ಹೃದಯಕ್ಕೂ ಒಂದೊಂದು ಸಂಖ್ಯೆ. ಆ ಸಂಖ್ಯೆ ಹಾಗೇ ಇತ್ತು. ನನ್ನ ಹಳೆಯ ವರ್ಡಿಗೆ ಬಣ್ಣದ ಪದರ ಓದಲು ಬರುತ್ತಿರಲಿಲ್ಲ, ಬರೀ ಗೆರೆ ತೋರಿಸಿತ್ತು. ಅದರ ಮೇಲೆ ಕೆಂಪು ಬಳಿದ ಬುದ್ಧಿವಂತ ನಾನು. ಮಗಳು ಕಳಿಸಿದ ಫೈಲನ್ನೇ ಬ್ರೌಸರಿನಲ್ಲಿ ತೆರೆದೆ. ಹಸಿರು, ಹಸಿರು, ಹಳದಿ, ಹಸಿರು: ಪರದೆಯ ತುಂಬ ದೀಪ ಹತ್ತಿದಂತಾಯಿತು. ಕೆಳಕ್ಕೆ ಸರಿಸಲು ಮೌಸಿಗೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದ.

“ಬ್ಯಾಡ ಬುಡ್ಲಾ. ಕಾಗ್ದದಲ್ಲೇ ನೋಡ್ತೀನಿ.”

ಬ್ರೌಸರಿನಿಂದಲೇ ಪಿಡಿಎಫ್ ಮಾಡಿದೆ. ಅಲ್ಲಿಂದ ಮಾಡಿದರೆ ಬಣ್ಣದ ಚಿತ್ರವೂ ಫೈಲಿನೊಳಗೆ ಕೂರುತ್ತದೆ. ಇಬ್ಬರೂ ಅವನ ಲಾರಿಯಲ್ಲೇ ಪಾಂಡವಪುರಕ್ಕೆ ಹೋದೆವು. ಪ್ರಿಂಟರಿನವನು ನನ್ನನ್ನು ಕಂಡು, “ಈ ಸಲ ಬಾಗ್ಲು ತಂದಿದ್ದೀಯಾ?” ಎಂದ. ಗೆಳೆಯನ ಮುಖ ನೋಡಿ ಹೊಸ ಹಾಳೆ ತುಂಬಿದ.

ಹಾಳೆಗಳು ಒಂದೊಂದಾಗಿ ಬಂದವು. ಗೆಳೆಯ ಒಂದೊಂದನ್ನೂ ಬೆರಳಿಟ್ಟು ಓದಿದ. ನಿಜವಾಗಿ ಓದಿದ. “ಇದು ಮಗ್ಳು ಉಟ್ಟುದ್ ಅಬ್ಬದ ದಿನ… ಇದು ಮಳೇಲಿ ಕ್ಯಾತನಳ್ಳಿ ತಾವ ಟೈರು ಒಡ್ದಿದ್ದು…” ಕೆಂಪು ಮೂರೋ ನಾಲ್ಕೋ ಇದ್ದವು. “ಇದು ಅವ್ಳ ತಮ್ಮ ಬಂದಿದ್ದಾಗ. ಬಿರ್ಯಾನಿ ಮಾಡಿದ್ಲು, ಅಷ್ಟುಕ್ಕೇ ಕೆಂಪು!” ಎಂದು ನಕ್ಕ.

ಕೊನೆಯ ಹಾಳೆ ಬಂತು. ಕೊನೆಯ ಸಾಲಿನ ಹೃದಯ ಹಸಿರು.

ಅದರ ಮೇಲೆ ಬೆರಳಿಟ್ಟ. ಪ್ರಿಂಟರಿನ ಫ್ಯಾನು ಒಂದೇ ಸಮನೆ ಕೂಗುತ್ತಿತ್ತು.

“ಕರೀಲಿಲ್ಲ ಕಣ್ಲಾ ಅವ್ಳು,” ಎಂದ.

ಅಂಗಡಿಗೆ ಮರಳಿದ ಮೇಲೆ ನಾನು ನನ್ನ ಫೋನನ್ನು ಮೇಲಿಂದ ಕೆಳಗೆ ಸರಿಸಿದೆ. ನನ್ನವಳು ಹೋದಾಗ ಈ ಫೋನುಗಳು ಇರಲಿಲ್ಲ. ಇರುವುದೆಲ್ಲ ಯಾರೋ ಕಳಿಸಿದ ಶುಭೋದಯದ ಹೂವು. ಎಷ್ಟು ಜನರ ಅರ್ಜಿ, ಲಗ್ನಪತ್ರಿಕೆ, ಕ್ರಯಪತ್ರ ಅಚ್ಚು ಮಾಡಿದ್ದೇನೆ. ಅವಳದ್ದು ಅಂತ ಹಾಳೆಗೆ ಇಳಿಸಲು ನನ್ನ ಹತ್ತಿರ ಒಂದು ಚುಕ್ಕೆಯೂ ಇಲ್ಲ. ಆ ಹೊಟ್ಟೆಕಿಚ್ಚು ಯಾರಿಗೆ ಹೇಳಲಿ? ನಿಮಗೆ ಹೇಳಿದ್ದೇನೆ.

ಇಷ್ಟರಲ್ಲಿ ನಿಮಗೆ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಹಾಳೆಯಲ್ಲಿ ಬಂದ ಕೊನೆಯ ಹೃದಯ ಹಸಿರಾಗಿರಲಿಲ್ಲ, ಹಳದಿ. ನಿಧಾನವಾಗಿ ಓಡಿಸು ಅಂದಿದ್ದಳು. ಆ ದಿನ ಕೆ.ಆರ್.ಪೇಟೆಯಿಂದ ಅವನು ಲಾರಿಯನ್ನು ಬದುಕಿನಲ್ಲೇ ಎಂದೂ ಓಡಿಸದಷ್ಟು ಜೋರಾಗಿ ಓಡಿಸಿಕೊಂಡು ಬಂದಿದ್ದ.