ಅತ್ತೆಯ ಹೆಸರು, ನನ್ನ ಅಫಿಡವಿಟ್

ಮದುವೆಯ ಮಾತುಕತೆಯಲ್ಲಿ ಎಲ್ಲ ಹೊಂದಿಬಂದರೂ ಒಂದು ತೊಡಕು ಉಳಿದಿತ್ತು. ನನ್ನ ಹೆಸರೂ ಅತ್ತೆಯಾಗುವವರ ಹೆಸರೂ ಒಂದೇ. ಹೆಂಡತಿಯನ್ನು ಮಗ ತಾಯಿಯ ಹೆಸರು ಹಿಡಿದು ಕೂಗುವುದು ಹೇಗೆ ಎಂದು ಹಿರಿಯರಿಗೆ ಯೋಚನೆಯಾಯಿತು. ಪರಿಹಾರ ಅವರ ಮನೆಯ ಪದ್ಧತಿಯಲ್ಲೇ ಇತ್ತು. ನನ್ನನ್ನು ಗುಂಡ್ಲುಪೇಟೆಯ ಮನೆಗೆ ತುಂಬಿಸಿಕೊಂಡ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಗಂಡ ಅದರ ಮೇಲೆ ಉಂಗುರದಿಂದ ಬೇರೊಂದು ಹೆಸರು ಬರೆದರು. ಅಂದಿನಿಂದ ಆ ಮನೆಯಲ್ಲಿ ನನ್ನನ್ನು ಹಾಗೆಯೇ ಕರೆದರು. ನನಗೆ ಬೇಸರವೇನೂ ಆಗಲಿಲ್ಲ. ಕರೆದಾಗ ಓಗೊಡುತ್ತಿದ್ದೆ, ಅಷ್ಟೆ.

ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತ್ತು. ರಜೆಗೆ ಬಂದಾಗ ನನ್ನ ಪಾಸ್‌ಪೋರ್ಟಿಗೂ ಅರ್ಜಿ ಹಾಕುವುದೆಂದಾಯಿತು. ಚಾಮರಾಜನಗರದಲ್ಲಿ, ನನ್ನ ತವರೂರಿನ ಬ್ಯಾಂಕಿನಲ್ಲಿದ್ದ ಖಾತೆ ಮದುವೆಗೆ ಮುಂಚಿನ ಹೆಸರಲ್ಲೇ ಇತ್ತು. ಎರಡೂ ಕಡೆ ಮದುವೆಯ ನಂತರದ ಹೆಸರಿರಬೇಕಾದರೆ ಒಂದು ಅಫಿಡವಿಟ್ ಬೇಕಿತ್ತು. ಗಂಡ ತಾಲ್ಲೂಕು ಕಚೇರಿಯ ಮುಂದಿನ ಟೈಪಿಸ್ಟ್ ಹತ್ತಿರ ಹೋಗಿ, ಛಾಪಾ ಕಾಗದ ಕೊಳ್ಳುವ ಮೊದಲು ಬಿಳಿ ಹಾಳೆಯಲ್ಲಿ ಕರಡು ಮಾಡಿಸಿಕೊಂಡು ಬಂದರು.

ಅಚ್ಚಾದ ಯಾವುದನ್ನೂ ಓದದೆ ಬಿಡುವ ಅಭ್ಯಾಸ ನನಗಿಲ್ಲ. ‘ಮದುವೆಯ ನಂತರ ನನ್ನ ಹೆಸರು’ ಎಂಬಲ್ಲಿ ಅಕ್ಕಿಯ ಮೇಲಿನ ಹೆಸರಿತ್ತು, ಅದರ ಹಿಂದೆ ಗಂಡನ ಹೆಸರು.

“ಇದು ನಾನಲ್ಲ,” ಎಂದೆ.

“ಮನೇಲೆಲ್ಲ ಹಂಗೇ ಅಲ್ವಾ ಕರೆಯೋದು?”

“ಮನೇಲಿ ಕರೀಲಿ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ, ಡಿಗ್ರಿಯಲ್ಲಿ ಇದಿಲ್ಲ.”

ಅವರು ಕರಡನ್ನು ಮಡಚಿ ಜೇಬಿಗಿಟ್ಟರು. ವಕೀಲರನ್ನೇ ಕೇಳೋಣ ಎಂದು ಮರುದಿನ ಬೆಳಿಗ್ಗೆ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆವು.

ಕೋರ್ಟಿನ ಹತ್ತಿರದ ನೋಟರಿ ವಕೀಲರು ಕರಡನ್ನೂ ನನ್ನ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. “ನೋಡಮ್ಮ, ನಿನ್ನ ಹೆಸರಿನ ಹಿಂದೆ ಯಜಮಾನರ ಹೆಸರು ಸೇರಿಸ್ಕೊಳ್ಳೋದಾದ್ರೆ ಈ ಅಫಿಡವಿಟ್ ಸಾಕು. ಇಬ್ರೂ ಸೇರಿ ಮಾಡ್ಬೇಕು, ಇಬ್ರದೂ ಒಟ್ಟಿಗಿರೋ ಫೋಟೋ ಅಂಟಿಸ್ಬೇಕು. ಹೆಸರೇ ಬೇರೆ ಆದ್ರೆ ಪೇಪರಲ್ಲಿ ಜಾಹೀರಾತು ಹಾಕ್ಸಿ ಅಂತಾರೆ ಪಾಸ್‌ಪೋರ್ಟ್‌ನೋರು.”

“ಹಾಕ್ಸಿದ್ರಾಯ್ತು ಬುಡಿ ಸಾರ್,” ಎಂದರು ನನ್ನ ಗಂಡ.

“ನನ್ನ ಹೆಸರು ಬದಲಾಗಿಲ್ಲ,” ಎಂದೆ. “ಆ ಅಕ್ಕೀನ ಅವತ್ತೇ ಅನ್ನ ಮಾಡಿ ಉಂಡಿದ್ದೀವಿ.”

ವಕೀಲರು ನಕ್ಕರು. ಗಂಡನಿಗೆ ನಗು ಬರಲಿಲ್ಲ. “ಅವ್ವನ್ನ ಒಂದು ಮಾತು ಕೇಳ್ಬೇಕು.”

“ಕೇಳ್ಕೊಂಡೇ ಬನ್ನಿ. ಇದು ಪ್ರಮಾಣ ಮಾಡಿ ಹೇಳೋ ಮಾತು. ನನ್ನೆದುರಿಗೇ ಸಹಿ ಹಾಕ್ಬೇಕು.”

ಅವ್ವನನ್ನು ಕೇಳುವ ಕೆಲಸವನ್ನು ನಾನೇ ವಹಿಸಿಕೊಂಡೆ. ಗಂಡ ಕೇಳಿದರೆ ಅದು ದೂರಿನಂತಾಗುತ್ತದೆ ಎಂದು ನನಗೆ ಗೊತ್ತಿತ್ತು. ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ. ಪಾಸ್‌ಪೋರ್ಟಿನಲ್ಲಿ ನನ್ನ ಮೊದಲಿನ ಹೆಸರೇ ಇರಬೇಕು, ಹಿಂದೆ ನಿಮ್ಮ ಮಗನ ಹೆಸರು ಸೇರುತ್ತದೆ ಎಂದು ಹೇಳಿದೆ. ಅಪ್ಪಣೆ ಕೇಳಿದ ಹಾಗೆ ಹೇಳಲಿಲ್ಲ, ಹಟದಿಂದಲೂ ಹೇಳಲಿಲ್ಲ.

ಅವರ ಕೈ ನಿಂತಿತು. “ಅಂಗಾರೆ ನಾವಿಟ್ಟ ಎಸ್ರು ಬ್ಯಾಡ್ವಾ ನಿಂಗೆ?”

“ಮನೇಲಿ ಇರಲಿ ಅತ್ತೆ. ಕಾಗದದಲ್ಲಿ ನಾನು ಓದಿದ ಹೆಸರಿರಲಿ.”

“ಓದಿದ್ದು ನೀನು ಕಣಮ್ಮಿ, ಎಸ್ರು ನಂದೂವೆ.” ಸ್ವಲ್ಪ ಹೊತ್ತು ಸುಲಿದು ಮತ್ತೆ ಕೇಳಿದರು, “ಆ ಬುಕ್ಕು ಇದ್ರೇನೇ ಇಮಾನ ಅತ್ತುಸ್ಕೊಳದಾ?”

“ಹೂಂ. ಅದರಲ್ಲಿರೋ ಹೆಸರೇ ಟಿಕೇಟಲ್ಲೂ ಇರುತ್ತೆ.”

“ನಾನು ನಂಜನಗೂಡ್ ದಾಟಿ ಆಚ್ಗೆ ಕಾಲಿಟ್ಟೋಳಲ್ಲ. ನನ್ನೆಸ್ರು ಇಮಾನ ಅತ್ತದಾ?” ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆಮೇಲೆ ಒಳಗಿದ್ದ ಮಗನಿಗೆ ಕೇಳುವ ಹಾಗೆ, “ಏನ್ಲಾ, ಅವಳು ಯೋಳ್ದಂಗೇ ಬರ್ಸು. ನನ್ನೆಸ್ರು ಕೂಗೋಕೆ ನಾಚ್ಕೆ ಆದ್ರೆ ಕೂಗ್ಬ್ಯಾಡ, ಬುಡು,” ಎಂದರು.

ಮರುದಿನ ವಕೀಲರ ಬಳಿ ಹೊಸದಾಗಿ ಟೈಪಾಯಿತು. ಬ್ಯಾಂಕಿಗೊಂದು, ಪಾಸ್‌ಪೋರ್ಟ್ ಕಚೇರಿಗೊಂದು, ಎರಡೂ ಛಾಪಾ ಕಾಗದದ ಮೇಲೆ. ಮದುವೆಗೆ ಮುಂಚೆ ಇಂಥವರ ಮಗಳಾಗಿ ಈ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು ಸೇರಿ ಈ ಹೆಸರು, ಎರಡೂ ಒಬ್ಬಳದೇ. ಪ್ರತಿ ಸಾಲನ್ನೂ ಓದಿ, ಪ್ರಮಾಣ ಮಾಡಿ ಸಹಿ ಹಾಕಿದೆ. ನನ್ನ ಕೆಳಗೆ ಗಂಡ ಹಾಕಿದರು. ನಮ್ಮ ಫೋಟೋದ ಅಂಚಿನ ಮೇಲೆ, ಅರ್ಧ ಕಾಗದಕ್ಕೂ ಬರುವಂತೆ ನೋಟರಿಯ ಮೊಹರು ಬಿತ್ತು. ಬ್ಯಾಂಕಿನಲ್ಲಿ ಹೊಸ ಮಾದರಿ ಸಹಿ ತೆಗೆದುಕೊಂಡರು.

ಸಂಜೆ ಅತ್ತೆ ಕಾಗದ ಕೇಳಿ ತೆಗೆದುಕೊಂಡರು. ಅವರಿಗೆ ಓದಲು ಬರುತ್ತಿರಲಿಲ್ಲ. ಹೆಸರಿರುವ ಜಾಗ ತೋರಿಸಿದೆ. ಅಲ್ಲಿ ಬೆರಳಿಟ್ಟು, “ಒಂದ್ಸಲ ಕೂಗಿ ನೋಡ್ತೀನಿ ತಾಳು,” ಎಂದು ತಮ್ಮದೇ ಹೆಸರಿನಿಂದ ನನ್ನನ್ನು ಕರೆದರು.

“ಏನತ್ತೆ?” ಎಂದೆ.

“ಏನಿಲ್ಲ. ಚೆಂದಾಗೇ ಅದೆ,” ಎಂದು ಕಾಗದ ವಾಪಸು ಕೊಟ್ಟರು.